ಕನಸಲ್ಲಿ ಬರೋ ಮುಖ ಯಾರದ್ದು?

ಮೊನ್ನೆ ಊಟದ ಟೈಮಲ್ಲಿ ನಮ್ಮ ಟೀಮಿನ ಹೊಸ ಹುಡುಗ, ಬಾಯಿಗೆ ಬ್ರೇಕೇ ಇಲ್ಲ ಅವನಿಗೆ, ಕಣ್ಣು ಕಾಣದ ನಮ್ಮ ಇಬ್ಬರು ಸೀನಿಯರ್ಸ್‌ನ ನೇರವಾಗಿ ಕೇಳ್ಬಿಟ್ಟ, "ನಿಮಗೆ ಕನಸಲ್ಲಾದ್ರೂ ಕಾಣ್ಸುತ್ತಾ?" ಅಂತ. ನಾನು ತಲೆ ತಗ್ಗಿಸ್ದೆ, ಅವರಿಬ್ರಿಗೆ ಮಾತ್ರ ಏನೂ ಅನ್ನಿಸ್ಲೇ ಇಲ್ಲ.

ಮೇಡಂ ಹುಟ್ಟಿನಿಂದ್ಲೇ ಕುರುಡರು. "ಕಾಣಲ್ಲಪ್ಪ. ಅಮ್ಮ ಬಂದ್ರೆ ಅವ್ರ ಸೋಪಿನ ವಾಸನೆ ಬರುತ್ತೆ, ಕಾಲೆಳ್ಕೊಂಡು ನಡಿಯೋ ಸದ್ದು ಬರುತ್ತೆ, ಅಷ್ಟೇ" ಅಂದ್ರು. ಸರ್ ಓದೋ ವಯಸ್ಸಲ್ಲಿ ಕಣ್ಣು ಕಳ್ಕೊಂಡವರು. "ನನಗೆ ಕಾಣುತ್ತೆ. ಹೆಂಡ್ತಿ ಮುಖಾನೂ ಕಾಣುತ್ತೆ."

"ಮದ್ವೆ ಆಗಿದ್ದು ಆಮೇಲಲ್ವಾ ಸರ್? ನೀವು ಅವರ್ನ ನೋಡೇ ಇಲ್ವಲ್ಲ!"

"ಕನಸು ಅದನ್ನೆಲ್ಲ ಕೇಳುತ್ತಾ? ಯಾವ್ದೋ ಒಂದು ಮುಖ ತಂದು ಅಂಟಿಸುತ್ತೆ. ಪ್ರತಿ ಸಲ ಬೇರೆ ಬೇರೆ."

ಈ ಮಾತು ನನ್ನ ತಲೇಲಿ ತಿರುಗ್ತಾನೇ ಇದೆ. ನೋಡೇ ಇಲ್ದೇ ಇರೋ ಹೆಂಡ್ತಿಗೆ ದಿನಕ್ಕೊಂದು ಮುಖ! ಅಂದ್ರೆ ಅವರ ಮೆದುಳು ಹಳೇ ಸ್ಟಾಕಿಂದ ಚಿತ್ರ ತೆಗ್ದು ಹೊಸಬರಿಗೆ ಹಾಕ್ತಿದೆ, ಮೇಡಂ ಹತ್ರ ಆ ಸ್ಟಾಕೇ ಇಲ್ಲ.

ಆ ಸ್ಟಾಕ್ ಯಾವಾಗ ತುಂಬುತ್ತೆ ಅನ್ನೋದನ್ನ ಜೋಸೆಫ್ ಜಾಸ್ಟ್ರೋ ಅನ್ನೋ ಮನಶ್ಶಾಸ್ತ್ರಜ್ಞ 1888ರಲ್ಲೇ ಕೇಳಿ ನೋಡಿದ್ದ. ಐದು ವರ್ಷ ತುಂಬೋಕೆ ಮುಂಚೆ ದೃಷ್ಟಿ ಹೋದವರ ಕನಸಲ್ಲಿ ನೋಟ ಇರಲ್ಲ, ಏಳು ದಾಟಿದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಇರುತ್ತೆ, ನಡುವಿನವರದ್ದು ಎರಡೂ ಥರ. ನೂರು ವರ್ಷದ ನಂತರದ ಅಧ್ಯಯನಗಳಲ್ಲೂ ಹೆಚ್ಚುಕಮ್ಮಿ ಇದೇ ಬಂತು. ಅಂದ್ರೆ ಮೂರು ವರ್ಷ ಕಣ್ಣು ಚೆನ್ನಾಗಿದ್ದ ಮಗುವಿಗೂ ದೊಡ್ಡವನಾದ ಮೇಲೆ ಕನಸಲ್ಲಿ ಚಿತ್ರ ಸಾಮಾನ್ಯವಾಗಿ ಉಳಿದಿರಲ್ಲ! ಬರೀ ನೋಡಿದ್ರೆ ಸಾಲ್ದು, ನೋಡಿದ್ದು ಗಟ್ಟಿಯಾಗೋಕೂ ವರ್ಷಗಳು ಬೇಕು ಅನ್ಸುತ್ತೆ.

ಹಾಗಂತ ಸರ್ ಹತ್ರ ಇರೋದು ಶಾಶ್ವತವೂ ಅಲ್ಲ. ಡೆನ್ಮಾರ್ಕಿನ 2014ರ ಅಧ್ಯಯನದಲ್ಲಿ, ಹುಟ್ಟಿನಿಂದಲ್ಲ, ಆಮೇಲೆ ಕುರುಡಾದವರಿಗೆ ವರ್ಷ ಹೋದಷ್ಟೂ ಕನಸಲ್ಲಿ ನೋಟ ಕಮ್ಮಿ ಆಗ್ತಿತ್ತು. ಸರ್ ಕೂಡ ಅದನ್ನೇ ಅಂದ್ರು, ಈಗೀಗ ಮೊದಲು ದನಿ ಬರುತ್ತೆ, ಮುಖ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ ಅಂತ. ಎಷ್ಟು ಆರಾಮಾಗಿ ಹೇಳಿದ್ರು ಅಂದ್ರೆ ನನಗೇ ಒಂಥರಾ ಆಯ್ತು.

ಹುಡುಗ ಅಷ್ಟಕ್ಕೂ ಬಿಡ್ಲಿಲ್ಲ. "ಮೇಡಂ, ಹಂಗಾದ್ರೆ ನಿಮಗೆ ಕೆಟ್ಟ ಕನಸೇ ಬೀಳಲ್ವಾ?" ಪಾಪದ ಪ್ರಶ್ನೆ, ಆದ್ರೆ ಅಲ್ಲೂ ಉಲ್ಟಾ. ಅದೇ ಅಧ್ಯಯನದಲ್ಲಿ ಹುಟ್ಟು ಕುರುಡರ ಕನಸುಗಳಲ್ಲಿ ಸುಮಾರು 25% ದುಃಸ್ವಪ್ನ, ಕಣ್ಣಿದ್ದವರಲ್ಲಿ 6% ಅಷ್ಟೇ. ಎಚ್ಚರದಲ್ಲಿ ಅವರಿಗೆ ಎದುರಾಗೋ ಅಪಾಯಗಳೇ ಕಾರಣ ಇರಬಹುದು ಅನ್ನೋದು ಸಂಶೋಧಕರ ಊಹೆ.

ಮೇಡಂ ನಕ್ಕರು. "ಕಾರು ಬರುತ್ತೆ. ಹಾರ್ನ್ ಕೇಳ್ಸುತ್ತೆ, ಎಲ್ಲಾ ಕಡೆಯಿಂದಾನೂ ಕೇಳ್ಸುತ್ತೆ, ಯಾವ ಕಡೆ ಸರೀಬೇಕು ಅಂತ ಗೊತ್ತಾಗಲ್ಲ."

ಹುಡುಗ ಆಗ ಸುಮ್ನಾದ.