ಕೊಟ್ಟ ಕಮಿಷನ್ ವಾಪಸ್ ಕಿತ್ಕೊಂಡ ಕಥೆ

"ಏನಪ್ಪಾ, ಹೋದ ತಿಂಗಳು ಕೊಟ್ಟಿದ್ದನ್ನ ಈ ತಿಂಗಳು ಕಿತ್ಕೊಂಡ್ರಾ?"

ಫೋನಿನಲ್ಲಿ ತಿಪಟೂರಿನ ಅಕ್ಕ. ಅಡುಗೆ ವಿಡಿಯೋ ಮಾಡುತ್ತಾರೆ, ನಮ್ಮ ಎಣ್ಣೆ ತೋರಿಸಿ ತಮ್ಮ ಕೂಪನ್ ಕೋಡ್ ಹೇಳುತ್ತಾರೆ. ಆ ಕೋಡ್ ಹಾಕಿ ಯಾರಾದರೂ ಕೊಂಡರೆ ಅವರಿಗೆ 8 ಪರ್ಸೆಂಟ್ ಕಮಿಷನ್. ನಾನು ತುಮಕೂರಿನ ಒಂದು ಚಿಕ್ಕ ಕಂಪನಿಯಲ್ಲಿ ಆರ್ಡರ್ ಲೆಕ್ಕ ನೋಡುವವನು. ಗಾಣದ ಕೊಬ್ಬರಿ ಎಣ್ಣೆ, ಹುಣಸೆಹಣ್ಣು, ರಾಗಿ ಹುರಿಹಿಟ್ಟು ಆನ್‌ಲೈನಿನಲ್ಲಿ ಮಾರುತ್ತೇವೆ. ಇಂಥ ಪಾರ್ಟ್ನರ್‌ಗಳು ಹತ್ತಿಪ್ಪತ್ತು ಜನ ಇದ್ದಾರೆ.

ಅಕ್ಕ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2025ರ ಆಗಸ್ಟ್ ತಿಂಗಳಿಗೆ ಅವರ ಕೋಡಿನಲ್ಲಿ 84 ಆರ್ಡರ್ ಬಂದಿತ್ತು. ಸೆಪ್ಟೆಂಬರ್ 2ಕ್ಕೆ 8,940 ರೂಪಾಯಿ ಹಾಕಿದ್ದೆ. ಮುಂದಿನ ತಿಂಗಳು ಅದೇ ಎಕ್ಸೆಲ್ ಶೀಟನ್ನು ಮತ್ತೆ ಓಡಿಸಿದಾಗ ಆಗಸ್ಟ್ ಲೆಕ್ಕವೇ ಬದಲಾಗಿತ್ತು. 21 ಆರ್ಡರ್ ಮಾಯ. ನಾನು ಜಾಸ್ತಿ ಯೋಚನೆ ಮಾಡದೆ ಅದರ ಕಮಿಷನ್ 2,214 ರೂಪಾಯಿ ಕಳೆದು, ಉಳಿದದ್ದನ್ನು ಕಳಿಸಿದ್ದೆ. ಒಂದು ಮಾತು ಕೂಡ ತಿಳಿಸಿರಲಿಲ್ಲ.

ಆ 21ರಲ್ಲಿ ಆರನ್ನು ಪ್ಯಾಕ್ ಮಾಡುವ ಮೊದಲೇ ಗಿರಾಕಿಗಳು ಕ್ಯಾನ್ಸಲ್ ಮಾಡಿದ್ದರು. ಉಳಿದ ಹದಿನೈದು ಕ್ಯಾಶ್ ಆನ್ ಡೆಲಿವರಿ. ಕೊರಿಯರ್ ಹುಡುಗ ಬಾಗಿಲಿಗೆ ಹೋದಾಗ ಯಾರೂ ಇರಲಿಲ್ಲ, ಅಥವಾ "ಬೇಡ" ಅಂದರು. ಬಾಕ್ಸ್ ನಮ್ಮ ಗೋಡೌನಿಗೇ ವಾಪಸ್. ಈ ಕೆಲಸದಲ್ಲಿ ಇದಕ್ಕೆ ಆರ್‌ಟಿಒ ಅನ್ನುತ್ತಾರೆ, ಅಂದರೆ ರಿಟರ್ನ್ ಟು ಒರಿಜಿನ್. ನಾನು ಸೇರಿದ ಹೊಸದರಲ್ಲಿ "ಇವತ್ತು ನಾಲ್ಕು ಆರ್‌ಟಿಒ ಇದೆ" ಅಂದಾಗ ಗಾಡಿ ಕಾಗದದ ವಿಷಯ ಅಂದುಕೊಂಡಿದ್ದೆ!

ನಾನು ಮಾಡಿದ ತಪ್ಪು ಸರಳ. ಆರ್ಡರ್ ಬಂದ ದಿನವೇ ಕಮಿಷನ್ ಆಯಿತು ಅಂತ ಲೆಕ್ಕ ಹಿಡಿದಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕಮಿಷನ್ ಅನ್ನುವುದನ್ನು ನಾನು ಎಲ್ಲೂ ಬರೆದೇ ಇಡುತ್ತಿರಲಿಲ್ಲ. ಬೇಕಾದಾಗ ಆರ್ಡರ್ ಪಟ್ಟಿಯಿಂದ ಗುಣಿಸಿ ತೆಗೆಯುತ್ತಿದ್ದೆ. ಆರ್ಡರಿನ ಸ್ಟೇಟಸ್ ಮಾತ್ರ ದಿನಾ ಬದಲಾಗುತ್ತಿರುತ್ತದೆ. ಇವತ್ತು ಗುಣಿಸಿದರೆ ಒಂದು ಮೊತ್ತ, ನಾಳೆ ಗುಣಿಸಿದರೆ ಇನ್ನೊಂದು. ನಡುವೆ ಏನಾಯಿತು ಅನ್ನುವುದು ಎಲ್ಲೂ ಉಳಿಯುವುದಿಲ್ಲ.

ಯಜಮಾನರ ಹತ್ತಿರ ಹೋಗಿ ಹೇಳಿದೆ. ಅವರ ತಂದೆ ಕೊಬ್ಬರಿ ಮಂಡಿ ನಡೆಸಿದವರು. "ನಮ್ಮಪ್ಪ ಕಿರ್ದಿಯಲ್ಲಿ ಒಂದು ಸಾಲನ್ನೂ ಅಳಿಸಿದ್ದು ನಾನು ನೋಡಿಲ್ಲ ಕಣೋ. ತಪ್ಪಾಗಿದ್ರೆ ಕೆಳಗೆ ಇನ್ನೊಂದು ಸಾಲು ಬರೀತಿದ್ರು" ಅಂದರು. ನಾವು ಆಮೇಲೆ ಮಾಡಿದ್ದು ಅದನ್ನೇ, ಕಂಪ್ಯೂಟರಿನಲ್ಲಿ. ಆರ್ಡರ್ ಪಟ್ಟಿಯಿಂದ ಬೇರೆಯಾಗಿ ಒಂದು ಕಮಿಷನ್ ಲೆಡ್ಜರ್ ಇಟ್ಟೆವು. ಅದರಲ್ಲಿ ಸಾಲು ಸೇರಿಸಬಹುದು, ಮೊತ್ತ ತಿದ್ದುವ ಹಾಗಿಲ್ಲ.

ಅಕ್ಟೋಬರಿನ ಒಂದು ಆರ್ಡರ್ ಹಿಡಿದು ಹೇಳಿದರೆ ಅರ್ಥವಾಗುತ್ತದೆ. ಗಿರಾಕಿಯೊಬ್ಬರು 525 ರೂಪಾಯಿಯ ಮೂರು ಬಾಟಲ್ ಎಣ್ಣೆ ತಗೊಂಡರು, ಒಟ್ಟು 1,575. ಅಕ್ಕನ ಕೋಡಿಗೆ 10 ಪರ್ಸೆಂಟ್ ಕಡಿತ, ಹಾಗಾಗಿ 1,417.50. ಕೊರಿಯರ್ 60 ಸೇರಿ ಅವರು ಕಟ್ಟಿದ್ದು 1,477.50. ನನ್ನ ಹಳೇ ಶೀಟ್ ಈ ಕೊನೆಯ ಮೊತ್ತಕ್ಕೇ 8 ಪರ್ಸೆಂಟ್ ಹಾಕಿ 118.20 ಅಂತ ತೋರಿಸುತ್ತಿತ್ತು. ಆದರೆ ಅದರಲ್ಲಿ ಕೊರಿಯರಿನವರ ದುಡ್ಡೂ ಇದೆ, ಸರ್ಕಾರದ ಜಿಎಸ್‌ಟಿಯೂ ಇದೆ. ಎಣ್ಣೆಗೆ 5 ಪರ್ಸೆಂಟ್ ತೆರಿಗೆ ಬೆಲೆಯೊಳಗೇ ಸೇರಿರುವುದರಿಂದ 1,417.50ನ್ನು 1.05ರಿಂದ ಭಾಗಿಸಬೇಕು. ಸಿಗುವುದು 1,350. ಅದಕ್ಕೆ 8 ಪರ್ಸೆಂಟ್ ಅಂದರೆ 108 ರೂಪಾಯಿ. ಸುಮ್ನೆ 5 ಪರ್ಸೆಂಟ್ ಕಳೆದರೆ ಬರುವುದು ಬೇರೆ ಮೊತ್ತ, ಅಲ್ಲಿ ಎಡವುವವರು ಬಹಳ.

ಅಕ್ಟೋಬರ್ 13ಕ್ಕೆ ಬಾಕ್ಸ್ ತಲುಪಿತು. ಒಂದು ಬಾಟಲ್ ದಾರಿಯಲ್ಲೇ ಸೋರಿತ್ತು. 15ಕ್ಕೆ ಆ ಬಾಟಲಿನ 472.50 ರೂಪಾಯಿ ವಾಪಸ್ ಕೊಟ್ಟೆವು. ತೆರಿಗೆ ತೆಗೆದರೆ 450, ಅದರ ಕಮಿಷನ್ 36. ಲೆಡ್ಜರಿನಲ್ಲಿ ಹೀಗೆ ಕೂತಿತು:

```
2025-10-13  delivered  +108.00  matures_on 2025-10-23
2025-10-15  refund      -36.00  matures_on 2025-10-23
```

ಎಡಗಡೆ ಇರುವುದು ಘಟನೆ ನಡೆದ ದಿನ. ಬಲಗಡೆ ಇರುವುದು ದುಡ್ಡು ಪಕ್ವವಾಗುವ ದಿನ. ನಮ್ಮಲ್ಲಿ ಮಾಲು ವಾಪಸ್ ಮಾಡಲು 7 ದಿನ ಟೈಮ್ ಇದೆ. ಅದಕ್ಕೆ ಮೂರು ದಿನ ಸೇರಿಸಿ, ತಲುಪಿದ ಮೇಲೆ 10 ದಿನಕ್ಕೆ ಕಮಿಷನ್ ಪಕ್ವ ಅಂತ ಇಟ್ಟೆವು. ಕ್ಯಾಶ್ ಆನ್ ಡೆಲಿವರಿ ಆದರೆ ಬರೀ "ಡೆಲಿವರ್ಡ್" ಅನ್ನುವ ಸ್ಟೇಟಸ್ ಸಾಲದು. ಕೊರಿಯರಿನವರು ನಮಗೆ ದುಡ್ಡು ಹಾಕುವಾಗ ಕಳಿಸುವ ಪಟ್ಟಿಯಲ್ಲಿ ಆ ಬಾಕ್ಸಿನ ನಂಬರ್ ಇರಬೇಕು. ಅಲ್ಲಿಯವರೆಗೆ ಸಾಲು ಬರೆಯುವುದಿಲ್ಲ.

ಕಳೆಯುವ ಸಾಲಿಗೂ ಅದೇ 23ನೇ ತಾರೀಖು ಯಾಕೆ ಅಂತ ಕೇಳಬಹುದು. ಮೊದಲು ನಾನು ಅಲ್ಲಿ 15 ಅಂತಲೇ ಹಾಕಿದ್ದೆ. ತಿಂಗಳ ಕೊನೆಯಲ್ಲಿ ಬಂದ ಆರ್ಡರ್‌ಗಳಲ್ಲಿ ಆಗ ಎಡವಟ್ಟಾಯಿತು. ಕೂಡುವ ಸಾಲು ಇನ್ನೂ ಪಕ್ವವಾಗಿಲ್ಲ, ಕಳೆಯುವ ಸಾಲು ಮಾತ್ರ ಆಗಿದೆ. ಇನ್ನೂ ಕೊಡದೇ ಇರುವ ದುಡ್ಡಿಗೆ ಕಡಿತ ಮಾಡಿ ಕಳಿಸುವ ಹಾಗಾಯಿತು. ಒಂದೇ ತಾರೀಖು ಇದ್ದರೆ ಎರಡೂ ಜೊತೆಯಾಗಿ ಹೋಗುತ್ತವೆ. ದುಡ್ಡು ಕೊಟ್ಟ ಮೇಲೆ, ಉದಾಹರಣೆಗೆ ನವೆಂಬರ್ 12ಕ್ಕೆ ಇನ್ನೊಂದು ರೀಫಂಡ್ ಆದರೂ ತೊಂದರೆ ಇಲ್ಲ. ಆ ಸಾಲಿಗೆ ಇನ್ನೂ ಪೇಮೆಂಟ್ ನಂಬರ್ ಬಿದ್ದಿರುವುದಿಲ್ಲ, ಮುಂದಿನ ಕಂತಿನಲ್ಲಿ ತಾನಾಗಿ ಸೇರುತ್ತದೆ, ಕಾರಣದ ಸಮೇತ.

ಪ್ರತಿ ತಿಂಗಳು 5ನೇ ತಾರೀಖು ಓಡಿಸುವುದು ಇಷ್ಟೇ:

```sql
UPDATE commission_ledger
   SET payout_id = 'P-2025-11-05'
 WHERE payout_id IS NULL
   AND matures_on <= '2025-10-31';

SELECT partner, SUM(amount)
  FROM commission_ledger
 WHERE payout_id = 'P-2025-11-05'
 GROUP BY partner;
```

ಮೊದಲು ಸಾಲುಗಳಿಗೆ ಪೇಮೆಂಟ್ ನಂಬರಿನ ಮುದ್ರೆ ಒತ್ತಿ, ಆಮೇಲೆ ಕೂಡುವುದು. ಉಲ್ಟಾ ಮಾಡಿದರೆ ಕೂಡಿದ ಮೇಲೆ, ಮುದ್ರೆ ಒತ್ತುವ ಮೊದಲು ಒಂದು ರೀಫಂಡ್ ಸಾಲು ನುಸುಳಿಕೊಂಡು ಬರಬಹುದು. ಅದಕ್ಕೂ ಮುದ್ರೆ ಬೀಳುತ್ತದೆ, ಆದರೆ ಮೊತ್ತದಲ್ಲಿ ಅದು ಇರುವುದಿಲ್ಲ. ಯಾರಿಗಾದರೂ ಒಟ್ಟು ಮೊತ್ತ ಸೊನ್ನೆಗಿಂತ ಕೆಳಗೆ ಬಂದರೆ ಅವರಿಂದ ದುಡ್ಡು ಕೇಳುವುದಿಲ್ಲ, ಆ ಬಾಕಿಯನ್ನು ಹೊಸ ಸಾಲಾಗಿ ಮುಂದಕ್ಕೆ ತಗೊಂಡು ಹೋಗುತ್ತೇವೆ. ಮತ್ತೊಂದು ವಿಷಯ. ಕೊರಿಯರ್ ಸಿಸ್ಟಮ್ ಒಂದೇ ಸುದ್ದಿಯನ್ನು ಎರಡು ಸಲ ಕಳಿಸುವುದು ಮಾಮೂಲಿ. ಅದಕ್ಕೆ ಆರ್ಡರ್ ನಂಬರ್, ಐಟಂ, ಘಟನೆಯ ಐಡಿ ಮೂರೂ ಸೇರಿ ಒಂದೇ ಸಲ ಬರುವ ಹಾಗೆ ಕಟ್ಟು ಹಾಕಿದ್ದೇವೆ.

ಅಕ್ಕನ ಜೊತೆ ಲೆಕ್ಕಕ್ಕೆ ಕೂತಾಗ ಇನ್ನೊಂದು ಹುಳುಕು ಸಿಕ್ಕಿತು. ಅವರ ಪಾರ್ಟ್ನರ್ ಪೇಜಿನಲ್ಲಿ ಆಗಸ್ಟಿಗೆ 81 ಆರ್ಡರ್ ಅಂತ ಇತ್ತು, ನನ್ನ ಶೀಟಿನಲ್ಲಿ 84. ಮೂರು ಜಾಸ್ತಿ ಹಿಡಿದು ಕೊಟ್ಟಿದ್ದರೂ ಅವರಿಗೆ ಅನುಮಾನವೇ ಬಂತು, ನ್ಯಾಯವಾಗಿಯೇ. ಆಗಸ್ಟ್ 31ರ ಭಾನುವಾರ ರಾತ್ರಿ ಅವರು ಲೈವ್ ಮಾಡಿದ್ದರು. ನೋಡಿದವರಲ್ಲಿ ಮೂವರು ಹನ್ನೆರಡು ದಾಟಿದ ಮೇಲೆ ಆರ್ಡರ್ ಹಾಕಿದ್ದರು. ನಮ್ಮ ಟೈಮಿನಲ್ಲಿ ಅದು ಸೆಪ್ಟೆಂಬರ್ 1. ನಾನು ಇಳಿಸಿಕೊಳ್ಳುವ ಫೈಲ್ ಯುಟಿಸಿ ಸಮಯದಲ್ಲಿ ಬರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ಬೆಳಗಿನ ಜಾವ 5:30ರವರೆಗೆ ಬಂದ ಆರ್ಡರ್ ಎಲ್ಲ ಹಿಂದಿನ ದಿನಕ್ಕೆ ಬೀಳುತ್ತಿತ್ತು. ತಿಂಗಳ ನಡುವೆ ಇದು ಕಾಣುವುದೇ ಇಲ್ಲ, ತಿಂಗಳ ಅಂಚಿನಲ್ಲಿ ಮಾತ್ರ ಕಚ್ಚುತ್ತದೆ.

ಯಾರ ಮೂಲಕ ಬಂದ ಗಿರಾಕಿ ಅನ್ನುವ ಜಗಳ ಬೇರೆಯೇ. ಕೋಡ್ ಅಲ್ಲದೆ ಲಿಂಕ್ ಕೂಡ ಕೊಟ್ಟಿದ್ದೆವು, ಕೊನೆಯಲ್ಲಿ `?ref=` ಅಂತ ಇರುವಂಥದ್ದು. ಒತ್ತಿದರೆ ಗಿರಾಕಿಯ ಬ್ರೌಸರಿನಲ್ಲಿ ಒಂದು ಕುಕಿ ಕೂರುತ್ತದೆ. 30 ದಿನದೊಳಗೆ ಕೊಂಡರೆ ಕಮಿಷನ್ ಅಂತ ಮಾತು ಕೊಟ್ಟಿದ್ದೆವು. ಮಾತು ಕೊಡುವ ಮುಂಚೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರಿನಲ್ಲಿ ಒತ್ತಿ, ರಾತ್ರಿ ಕ್ರೋಮ್ ತೆರೆದು ಕೊಂಡರೆ ಆ ಕುಕಿ ಅಲ್ಲಿ ಇರುವುದೇ ಇಲ್ಲ. ಐಫೋನಿನ ಸಫಾರಿಯಂತೂ ಪೇಜಿನ ಸ್ಕ್ರಿಪ್ಟ್ ಇಟ್ಟ ಕುಕಿಯನ್ನು ಹೆಚ್ಚೆಂದರೆ 7 ದಿನ ಇಟ್ಟುಕೊಳ್ಳುತ್ತದೆ. ಆಮೇಲೆ ಲಿಂಕ್ ಮತ್ತು ಕೋಡ್ ಎರಡೂ ಇದ್ದರೆ ಕೋಡಿಗೇ ಕಮಿಷನ್ ಅಂತ ಮಾಡಿದೆವು. ಯಾವುದರಿಂದ ಬಂತು ಅಂತ ಆರ್ಡರ್ ಬಿದ್ದ ಕ್ಷಣದಲ್ಲೇ ಆರ್ಡರಿನ ಮೇಲೆ ಬರೆದಿಡುತ್ತೇವೆ. ಇದೂ ಪೂರ್ತಿ ನ್ಯಾಯವಲ್ಲ. ಕೋಡ್ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತದೆ, ವಿಡಿಯೋ ನೋಡದವರೂ ಹಾಕುತ್ತಾರೆ. ಆದರೆ ಕೋಡನ್ನು ಗಿರಾಕಿ ಕೈಯಾರೆ ಹಾಕಿರುತ್ತಾನೆ, ಅದನ್ನು ಬಿಲ್ಲಿನಲ್ಲಿ ತೋರಿಸಬಹುದು. ಕುಕಿಯನ್ನು ಯಾರಿಗೆ ತೋರಿಸುವುದು?

ಗಿರಾಕಿಗಳೇ ಗೆಳೆಯರನ್ನು ಕರೆತಂದರೆ ಇಬ್ಬರಿಗೂ 50 ರೂಪಾಯಿ ಕ್ರೆಡಿಟ್ ಕೊಡುತ್ತೇವೆ. ತಮ್ಮನ್ನು ತಾವೇ ಕರೆತರುವ ಜಾಣರೂ ಇದ್ದಾರೆ. ಅದಕ್ಕೆ ಒಂದೇ ವಿಳಾಸ ಇದ್ದರೆ ಕ್ರೆಡಿಟ್ ಇಲ್ಲ ಅಂತ ಹಾಕಿದೆ. ವಾರದೊಳಗೆ ಒಂದು ಪಿಜಿಯ ಹುಡುಗಿಯರು ಸಾಲಾಗಿ ಫೋನ್ ಮಾಡಿ ಬೈದರು. ಇಡೀ ಪಿಜಿಗೆ ಒಂದೇ ವಿಳಾಸ ತಾನೇ! ಈಗ ಫೋನ್ ನಂಬರ್ ಒಂದೇ ಆದರೆ ಮಾತ್ರ ತಡೆ. ವಿಳಾಸ ಒಂದೇ ಆದರೆ ನಾನು ಕಣ್ಣಲ್ಲಿ ನೋಡಿ ಬಿಡುತ್ತೇನೆ. ಕ್ರೆಡಿಟ್ ಸಿಗುವುದೂ ಗೆಳೆಯರ ಮೊದಲ ಬಾಕ್ಸ್ ತಲುಪಿ 10 ದಿನ ಆದ ಮೇಲೆ.

ತೆರಿಗೆ ವಿಷಯ ಆಡಿಟರ್ ನೋಡುತ್ತಾರೆ. ಕಮಿಷನ್ ಆದ್ದರಿಂದ ಆಗ ಆದಾಯ ತೆರಿಗೆ ಕಾನೂನಿನ 194ಎಚ್ ಅಡಿ ಟಿಡಿಎಸ್ ಹಿಡಿಯುತ್ತಿದ್ದರು. 2025-26ರಲ್ಲಿ ವರ್ಷಕ್ಕೆ 20,000 ದಾಟಿದವರಿಗೆ 2 ಪರ್ಸೆಂಟ್ ಇತ್ತು, ಪ್ಯಾನ್ ಕೊಡದಿದ್ದರೆ 20. ಇದನ್ನೂ ಪಾರ್ಟ್ನರ್‌ಗಳಿಗೆ ಮೊದಲೇ ಹೇಳದಿದ್ದರೆ ಮತ್ತೆ ಅದೇ ಫೋನ್ ಬರುತ್ತದೆ.

ಆ 2,214 ರೂಪಾಯಿಯನ್ನು ಯಜಮಾನರು ಅಕ್ಕನಿಗೆ ವಾಪಸ್ ಹಾಕಿಸಿದರು. ಹಳೇ ನಿಯಮವನ್ನು ನಾವೇ ಬರೆದು ಕೊಟ್ಟಿರಲಿಲ್ಲವಲ್ಲ. ನವೆಂಬರ್ 5ಕ್ಕೆ ಹೊಸ ಲೆಕ್ಕದ ಪಟ್ಟಿ ವಾಟ್ಸಾಪಿನಲ್ಲಿ ಕಳಿಸಿದೆ, ಒಂದೊಂದು ಸಾಲಿಗೂ ಆರ್ಡರ್ ನಂಬರ್, ಕಾರಣ ಸಮೇತ. ಅರ್ಧ ಗಂಟೆಗೆ ಅಕ್ಕನ ಮೆಸೇಜ್ ಬಂತು: "36 ಕಳೆದಿದ್ದು ನೋಡಿದೆ. ಅದಿರಲಿ, ಆ ಬಾಟಲ್ ಮುಚ್ಚಳ ಮೊದಲು ಬದಲಾಯಿಸಿ. ಕಾಮೆಂಟಲ್ಲಿ ಬೈಸಿಕೊಳ್ತಾ ಇರೋದು ನಾನು."