ದರ್ಪಣ ಸುಂದರಿ ಸಣ್ಣಗಾದ ಕಥೆ: ಹಳೇ ಪ್ರೊಜೆಕ್ಟರ್, ಹೊಸ ಲ್ಯಾಪ್‌ಟಾಪ್, ಮೂರು ರಾತ್ರಿ

ಕೊನೆಗೂ ಸಿಕ್ಕಿತು ಮಾರಾಯ್ರೆ. ಮೂರು ರಾತ್ರಿ ನಿದ್ದೆಗೆಡಿಸಿದ ತಪ್ಪು ಸ್ಲೈಡಿನಲ್ಲೂ ಇರಲಿಲ್ಲ, ಪ್ರೊಜೆಕ್ಟರಿನಲ್ಲೂ ಇರಲಿಲ್ಲ. ವಿಂಡೋಸ್ ನನಗೆ ಒಂದು ಲೆಕ್ಕ ತೋರಿಸಿ, ಕೇಬಲ್ಲಿಗೆ ಇನ್ನೊಂದು ಲೆಕ್ಕ ಕಳಿಸುತ್ತಿತ್ತು.

ಹಿಂದಿನ ಕಂತು ಓದಿದವರಿಗೆ ಪ್ರೊಜೆಕ್ಟರ್ ಗೊತ್ತು. ಬಾಗಿಲು ಮುಚ್ಚಿದ ಟ್ಯೂಷನ್ ಸೆಂಟರಿನಿಂದ ಬಂದ ಮುದುಕ, ವಿಜಿಎ ಬಿಟ್ಟರೆ ಬೇರೆ ಬಾಗಿಲಿಲ್ಲ, ಒಳಗಿನ ಪ್ಯಾನೆಲ್ 1024×768, ಅಂದರೆ 4:3. ಲ್ಯಾಪ್‌ಟಾಪ್ ಹೊಸದು, 1920×1200, ಎಚ್‌ಡಿಎಂಐ ಮಾತ್ರ. ಇಬ್ಬರ ನಡುವೆ ದುಭಾಷಿಯಾಗಿ ಒಂದು ಅಡಾಪ್ಟರ್ ಬೇಕಾಯಿತು. ಹಾಸನದ ಬಿ.ಎಂ. ರಸ್ತೆಯ ಅಂಗಡಿಯವನು ಮೊದಲು ಕೊಟ್ಟದ್ದು ಉಲ್ಟಾ, ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವಂಥದ್ದು. ವಾಪಸ್ ಒಯ್ದರೆ "ಎರಡೂ ಒಂದೇ ಸಾರ್, ತಿರುಗಿಸಿ ಹಾಕ್ಕೊಳ್ಳಿ" ಅಂದ. ಪ್ಯಾಂಟು ಷರಟು ಎರಡೂ ಬಟ್ಟೆಯೇ, ತಿರುಗಿಸಿ ಹಾಕ್ಕೊಳ್ಳೋಕಾಗುತ್ತಾ?

ಕೆಲಸ ಇಷ್ಟೇ: ಬೇಲೂರಿನ ಮದನಿಕೆಯರ ಫೋಟೋಗಳನ್ನು ನಮ್ಮ ಬೀದಿಯವರಿಗೆ ತೋರಿಸುವುದು. ಪರದೆ ಆರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಮದನಿಕೆಯರೆಲ್ಲ ನಿಂತವರು, ಹಾಗಾಗಿ ಫೋಟೋಗಳೂ ಉದ್ದುದ್ದ, 2:3. ನಾನು ಯೋಚನೆ ಮಾಡದೆ ಪವರ್‌ಪಾಯಿಂಟ್ ಕೊಟ್ಟ ಹಾಗೆ 16:9ರಲ್ಲೇ ಸ್ಲೈಡ್ ಮಾಡಿಟ್ಟಿದ್ದೆ. ಹಾಕಿ ನೋಡಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ದರ್ಪಣ ಸುಂದರಿ ಗೊಂಬೆಯಷ್ಟು. ಇದು ನಿರೀಕ್ಷಿತವೇ. 1024 ಅಗಲಕ್ಕೆ 16:9 ಚಿತ್ರ ಕೂರಿಸಿದರೆ ಎತ್ತರ 576 ಮಾತ್ರ ಸಿಗುತ್ತದೆ, ಉಳಿದ 192 ಸಾಲು ಕತ್ತಲು. ನಾಲ್ಕೂವರೆ ಅಡಿ ನಿಲ್ಲಬೇಕಾದವಳು ಮೂರು ಅಡಿ ನಾಲ್ಕೂವರೆ ಇಂಚಿಗೆ ಇಳಿದಿದ್ದಳು.

ಸರಿ, ಸ್ಲೈಡ್ ಅಳತೆಯನ್ನು 4:3 ಮಾಡಿದೆ. ವಿಂಡೋಸ್‌ನಲ್ಲಿ ಪ್ರೊಜೆಕ್ಟರನ್ನು Extend ಮಾಡಿ 1024×768 ಆರಿಸಿದೆ. ಹಾಕಿದರೆ, ಈಗ ನಾಲ್ಕೂ ಕಡೆ ಕಪ್ಪು! ಸುಂದರಿ ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಸಾಲದ್ದಕ್ಕೆ ಕಲ್ಲಿನ ಕುಸುರಿಯೆಲ್ಲ ಮಂಜು ಹಿಡಿದಂತೆ ಮಸುಕು. ಪ್ರೊಜೆಕ್ಟರಿನ ಮೆನುವಿನಲ್ಲಿ ಆಸ್ಪೆಕ್ಟನ್ನು Autoನಿಂದ Fullಗೆ ತಿರುಗಿಸಿದೆ. ಮೇಲಿನ ಕೆಳಗಿನ ಪಟ್ಟಿ ಹೋಯಿತು, ಪಕ್ಕದ್ದು ಉಳಿಯಿತು, ಸುಂದರಿ ಎತ್ತರಕ್ಕೆ ಎಳೆದುಕೊಂಡು ಬಿದಿರುಗಣೆಯಾದಳು. ಕಾಫಿ ಲೋಟ ಹಿಡಿದು ಬಂದ ಬಾಮೈದ, "ಏನ್ ಭಾವ, ಈಯಮ್ಮ ಊಟ ಬಿಟ್ಟವ್ಳಾ?" ಅಂದ.

ಎರಡನೇ ರಾತ್ರಿ ಪೂರ್ತಿ ತಪ್ಪು ಮರ ಹತ್ತಿದೆ. ಕೇಬಲ್ ಬದಲಾಯಿಸಿದೆ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಕಿದೆ, ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಮೂರನೇ ರಾತ್ರಿ ಬೇಸತ್ತು ಪ್ರೊಜೆಕ್ಟರಿನ ಮಾಹಿತಿ ಪುಟ ತೆಗೆದೆ. ಅಲ್ಲಿ ಬರೆದಿತ್ತು: 1920×1080. ನಾನು 1024×768 ಕಳಿಸುತ್ತಿದ್ದೇನೆ, ಅದಕ್ಕೆ 1920×1080 ಹೇಗೆ ತಲುಪುತ್ತಿದೆ?

ಲ್ಯಾಪ್‌ಟಾಪಿನಲ್ಲಿ Settings, System, Display, Advanced display ಒಳಗೆ ಹೋಗಿ ಎರಡನೇ ಪರದೆ ಆರಿಸಿ. ಅಲ್ಲಿ ಎರಡು ಸಾಲು ಇರುತ್ತವೆ. ನನ್ನದರಲ್ಲಿ Desktop mode ಎದುರು 1024×768 ಇತ್ತು, Active signal mode ಎದುರು 1920×1080. ಮೊದಲನೆಯದು ವಿಂಡೋಸ್ ಚಿತ್ರ ಬರೆಯುವ ಹಾಳೆ, ಎರಡನೆಯದು ತಂತಿಯಲ್ಲಿ ನಿಜವಾಗಿ ಹೋಗುವುದು. ಪರದೆಯ ಸಾಮರ್ಥ್ಯ ಹೇಳುವ ಇಡಿಐಡಿ ಎಂಬ ಜಾತಕವನ್ನು ಲ್ಯಾಪ್‌ಟಾಪ್ ಕೇಳಿದಾಗ, ಅಡಾಪ್ಟರ್ ಪ್ರೊಜೆಕ್ಟರಿನದ್ದನ್ನು ಮುಂದೆ ದಾಟಿಸದೆ ತನ್ನದೇ ಜಾತಕ ಕೊಟ್ಟಿತ್ತು. ಅದರಲ್ಲಿ ಮೊದಲ ಆಯ್ಕೆ 1920×1080. ಅದಕ್ಕೇ ಲ್ಯಾಪ್‌ಟಾಪ್ ಸಿಗ್ನಲ್ಲನ್ನು ಅಲ್ಲೇ ಬಿಟ್ಟು, ನನ್ನ ಪುಟ್ಟ ಹಾಳೆಯನ್ನು ಅದರೊಳಗೆ ಹಿಗ್ಗಿಸಿ ಕೂರಿಸುತ್ತಿತ್ತು.

ಈಗ ಲೆಕ್ಕ ಹಾಕಿ. 1024×768 ಹಾಳೆ ಮೊದಲು 1440×1080ಕ್ಕೆ ಹಿಗ್ಗಿತು, ಎಡಬಲಕ್ಕೆ ಕಪ್ಪು ಸೇರಿತು. ಆ ಇಡೀ 1920×1080ನ್ನು ಪ್ರೊಜೆಕ್ಟರ್ 1024×576ಕ್ಕೆ ಕುಗ್ಗಿಸಿತು, ಮೇಲೆ ಕೆಳಗೆ ಕಪ್ಪು ಸೇರಿತು. ಕೊನೆಗೆ ನನ್ನ ಸ್ಲೈಡಿಗೆ ಉಳಿದದ್ದು 768×576, ಪ್ಯಾನೆಲ್ಲಿನ ಅರ್ಧಕ್ಕಿಂತ ತುಸು ಹೆಚ್ಚು. ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದ ಮೇಲೆ ಕುಸುರಿ ಉಳಿಯುವುದಾದರೂ ಹೇಗೆ? Full ಇಟ್ಟಾಗ ಅದೇ ಸ್ಲೈಡ್ 768×768 ಚೌಕವಾಯಿತು. ಊಟ ಬಿಟ್ಟದ್ದು ಅಲ್ಲಿ.

ಮದ್ದು ಅದೇ ಪುಟದಲ್ಲಿತ್ತು. Display adapter properties for Display 2 ಒತ್ತಿ, List All Modes ತೆಗೆದು, ಅಲ್ಲಿಂದ 1024 by 768, 60 Hertz ಆರಿಸಿದೆ. ಈ ಪಟ್ಟಿಯಿಂದ ಆರಿಸಿದ ಮೇಲೆ ಸಿಗ್ನಲ್ಲೇ ಬದಲಾಯಿತು, ಎರಡೂ ಸಾಲಿನಲ್ಲಿ ಒಂದೇ ಸಂಖ್ಯೆ ಬಂತು. ಪ್ರೊಜೆಕ್ಟರಿನ ಮಾಹಿತಿ ಪುಟವೂ ಒಪ್ಪಿತು. ಆ ಪಟ್ಟಿಯಲ್ಲಿ ನಿಮ್ಮ ಅಳತೆ ಇಲ್ಲವೇ ಇಲ್ಲ ಅಂದರೆ ಅಡಾಪ್ಟರ್ ಬದಲಾಯಿಸುವುದೇ ಸುಲಭ.

ಇಷ್ಟಾದರೂ ಕುಸುರಿ ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಒಂದೊಂದೇ ಪಿಕ್ಸೆಲ್ಲಿನ ಕಪ್ಪು ಬಿಳಿ ಚದುರಂಗ ಮಾಡಿಕೊಂಡೆ:

```
magick -size 1024x768 pattern:gray50 test.png
```

ಇದನ್ನು ಪೂರ್ತಿ ಪರದೆಗೆ ಹಾಕಿದರೆ ಎಲ್ಲ ಕಡೆ ಒಂದೇ ಸಮನಾದ ಬೂದು ಕಾಣಬೇಕು. ನನಗೆ ಎರಡು ಥರ ಪಟ್ಟೆ ಕಂಡವು. ಉದ್ದಕ್ಕೆ ನಿಂತ ಪಟ್ಟೆಗಳು ವಿಜಿಎಯ ಹಳೇ ಕಾಯಿಲೆ, ಪಿಕ್ಸೆಲ್ಲಿನ ತಾಳ ತಪ್ಪಿದ್ದು. ಚದುರಂಗ ಹಾಕಿಕೊಂಡೇ ರಿಮೋಟಿನ Auto ಒತ್ತಿದೆ, ಹೋದವು. ಖಾಲಿ ಕಪ್ಪು ಸ್ಲೈಡ್ ಇಟ್ಟು Auto ಒತ್ತಬೇಡಿ, ಅಂಚೆಲ್ಲಿ ಅಂತ ಅದಕ್ಕೆ ಗೊತ್ತಾಗದೆ ಚಿತ್ರವನ್ನು ಪಕ್ಕಕ್ಕೆ ಸರಿಸುತ್ತದೆ. ಓರೆಯಾಗಿ ಅಲೆಯಲೆಯಾಗಿದ್ದ ಇನ್ನೊಂದು ಥರದ್ದು ಕೀಸ್ಟೋನ್ ತಿದ್ದುಪಡಿಯಿಂದ. ಅದೂ ಚಿತ್ರವನ್ನು ಹಿಂಡುವ ಆಟವೇ. ಕೀಸ್ಟೋನ್ ಸೊನ್ನೆ ಮಾಡಿ, ಹಳೇ ಟೆಲಿಫೋನ್ ಡೈರೆಕ್ಟರಿ ಎರಡು ಕೊಟ್ಟು ಪ್ರೊಜೆಕ್ಟರನ್ನು ಮಟ್ಟಕ್ಕೆ ಎತ್ತಿದೆ. ಚದುರಂಗ ಬೂದಿಯಂತೆ ನುಣ್ಣಗಾಯಿತು.

ಹಾಗಾದರೆ ಇನ್ನು ಮೇಲೆ ಎಲ್ಲ ಸ್ಲೈಡ್ 4:3ನಾ? ಮದನಿಕೆಯರಿಗೆ ಹೌದು. ನಾಳೆ ಯಾರದೋ ಹೊಸ 1920×1080 ಪ್ರೊಜೆಕ್ಟರಿಗೆ ಹಾಕಿದರೂ 4:3 ಸ್ಲೈಡಿಗೆ ಪೂರ್ತಿ 1080 ಎತ್ತರ ಸಿಗುತ್ತದೆ, ಖಾಲಿ ಬೀಳುವುದು ಪಕ್ಕಗಳು ಮಾತ್ರ. ನಿಂತವಳಿಗೆ ಪಕ್ಕ ಬೇಕಾಗಿಲ್ಲ. ಹಳೇಬೀಡಿನ ಆನೆ ಸಾಲಿಗೆ ಹೊಸ ಪ್ರೊಜೆಕ್ಟರಿನಲ್ಲಿ ನಷ್ಟ ಇದೆ, ಅದಕ್ಕೆ 16:9ರದ್ದೇ ಬೇರೆ ಫೈಲ್ ಇಡುತ್ತೇನೆ. ಮುದುಕನ ಮೇಲಂತೂ ಎರಡರಲ್ಲೂ ಆನೆಗೆ ಸಿಗುವುದು ಅದೇ 1024 ಅಗಲ. ಅಳತೆ ಬದಲಿಸುವಾಗ ಪವರ್‌ಪಾಯಿಂಟ್ ಕೇಳುವ ಪ್ರಶ್ನೆಗೆ Ensure Fit ಅನ್ನಿ. Maximize ಅಂದಿದ್ದಕ್ಕೆ ನನ್ನ ಆನೆಗಳ ಬಾಲ ಸ್ಲೈಡಿನಾಚೆ ಹೋಗಿದ್ದವು.

ಈ ಮಧ್ಯೆ ಅತ್ತೆ ಮನೆ ಅಟ್ಟದಲ್ಲಿ ಮಾವನವರ 35 ಎಂಎಂ ಸ್ಲೈಡುಗಳ ಡಬ್ಬಿ ಸಿಕ್ಕಿದೆ. ಸುಮಾರು ಎಂಬತ್ತು, ಅರ್ಧಕ್ಕೆ ಬೂಷ್ಟು. ಅವು 36×24 ಮಿಲಿಮೀಟರ್, ಅಂದರೆ 3:2. ಇನ್ನೊಂದು ಜಗಳಗಂಟ ಅಳತೆ! ಈ ಪ್ಯಾನೆಲ್ಲಿನಲ್ಲಿ ಅಡ್ಡ ಸ್ಲೈಡಿಗೆ 1024×683 ಸಿಗುತ್ತದೆ. ಹಳೇ ಎನ್‌ಲಾರ್ಜರಿನ ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ ತೆಗೆಯುವ ಯೋಚನೆ. ಮ್ಯಾಕ್ರೋ ಲೆನ್ಸ್ ಕೊಡುತ್ತೇನೆ ಅಂದವನು ಎರಡು ವಾರದಿಂದ "ನಾಳೆ ಬನ್ನಿ" ಅನ್ನುತ್ತಿದ್ದಾನೆ.

ಶನಿವಾರ ಸಂಜೆ ಪ್ರದರ್ಶನ ಆಯಿತು. ಸುಂದರಿ ನಾಲ್ಕೂವರೆ ಅಡಿ ನಿಂತಳು, ಕೈಗನ್ನಡಿಯ ಅಂಚು ಹಿಂದಿನ ಸಾಲಿಗೂ ಕಂಡಿತು. ಹನ್ನೊಂದನೇ ಸ್ಲೈಡಿಗೆ ಕರೆಂಟ್ ಹೋಯಿತು.