ತಾಳಮದ್ದಳೆ ಕ್ಯಾಸೆಟ್: ಎ ಬದಿ ಅಂತೂ ಸರಿಯಾಯ್ತು

ಅಜ್ಜ ಈಗ ಉಡುಪಿಯ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಮದ್ದಳೆ ಬಾರಿಸುತ್ತಿದ್ದ ದಿನಗಳದ್ದೇ ಮಾತು. ಅವರಿದ್ದ ಕೂಟದ ಕ್ಯಾಸೆಟ್ ಅಟ್ಟದಲ್ಲಿ ಸಿಕ್ಕಿತ್ತು, ಕಾಪಿ ಮಾಡಿ ಕೇಳಿಸಿದೆ. ಎರಡು ಪದ ಮುಗಿಯುವಷ್ಟರಲ್ಲಿ ಅಜ್ಜ ಕೈ ಅಡ್ಡ ಮಾಡಿದರು: "ಇದು ನಮ್ಮ ಭಾಗವತರು ಅಲ್ಲ ಮಾರಾಯಾ, ಯಾರೋ ಸಣ್ಣ ಹುಡುಗ ಹಾಡಿದ ಹಾಗೆ ಉಂಟು."

ಮೊದಲ ಅನುಮಾನ ಡೆಕ್ ಮೇಲೆ. ಹೊಸ ಬೆಲ್ಟ್ ತರಿಸಿದರೆ, ಅಳತೆ ಬರೆದು ಕಳಿಸಿದ್ದರೂ ಅಂಗಡಿಯವರು ದೊಡ್ಡದನ್ನೇ ಕಳಿಸಿದರು. ಮತ್ತೆ ಒಂದು ವಾರ ಕಾಯಬೇಕಾಯಿತು. ಸರಿಯಾದದ್ದು ಹಾಕಿದ ಮೇಲೆ ವೇಗ ನೋಡುವ 3150 ಹರ್ಟ್ಸ್ ಟೆಸ್ಟ್ ಟೇಪ್ ಸರಿಯಾಗಿಯೇ ಓಡಿತು. ಅಲ್ಲಿಗೆ ಡೆಕ್‌ನದ್ದು ತಪ್ಪಿಲ್ಲ, ರೆಕಾರ್ಡಿಂಗೇ ಹಾಗೆ.

ದಾರಿ ತೋರಿಸಿದ್ದು ಮೈಕ್ ಸೆಟ್‌ನ ಗುಂಯ್ ಸದ್ದು. ಆವತ್ತು ರೆಕಾರ್ಡ್ ಮಾಡಿದ್ದು ಗಲ್ಫ್‌ನಿಂದ ತಂದ ಟೇಪ್ ರೆಕಾರ್ಡರಿನಲ್ಲಿ, ಬ್ಯಾಟರಿ ಹಾಕಿ. ಮೈಕ್ ಸೆಟ್ ಮಾತ್ರ ಮನೆಯ ಕರೆಂಟಿನಲ್ಲಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಆಂಪ್ಲಿಫೈಯರ್‌ನ ಗುಂಯ್ ಅದರ ಎರಡು ಪಟ್ಟು, 100ರ ಹತ್ತಿರ ಇರಬೇಕು. ಪದಗಳ ನಡುವಿನ ಖಾಲಿ ಜಾಗವನ್ನು ಕಂಪ್ಯೂಟರಿನಲ್ಲಿ, ಆಡಾಸಿಟಿ ಎಂಬ ಆಡಿಯೋ ಎಡಿಟರಿನ ಸ್ಪೆಕ್ಟ್ರೋಗ್ರಾಮ್‌ನಲ್ಲಿ ನೋಡಿದೆ. ಶುರುವಿನಲ್ಲಿ ಗುಂಯ್‌ನ ಗೆರೆ 101ರಲ್ಲಿತ್ತು. ಮೂವತ್ತು ನಿಮಿಷದ ಕೊನೆಗೆ 108ಕ್ಕೆ ಏರಿತ್ತು! ಬ್ಯಾಟರಿ ಇಳಿದಂತೆ ಟೇಪ್ ನಿಧಾನ ಓಡಿದೆ, ಈಗ ಸರಿ ವೇಗದಲ್ಲಿ ಹಾಕಿದರೆ ಭಾಗವತರ ಸ್ವರ ಮೇಲೇರುತ್ತಾ ಹೋಗುತ್ತದೆ. ಕೊನೆಯಲ್ಲಿ ಒಂದು ಸ್ವರಸ್ಥಾನಕ್ಕಿಂತ ಜಾಸ್ತಿ. ಗೆರೆ ಏರದೆ 50 ಅಥವಾ 100ರಲ್ಲೇ ನೆಟ್ಟಗೆ ನಿಂತಿದ್ದರೆ ಅದು ನಿಮ್ಮ ಡೆಕ್‌ನದ್ದೇ ಗುಂಯ್, ಅದನ್ನು ನಂಬಬೇಡಿ.

ಇಂಥದಕ್ಕೆ ಇಡೀ ಬದಿಗೆ ಒಂದೇ ವೇಗ ಹಾಕಿದರೆ ಆಗುವುದಿಲ್ಲ. ಆಡಾಸಿಟಿಯಲ್ಲೇ ವೇಗ ಬದಲಿಸುತ್ತಾ ಹೋಗುವ ಟೈಮ್ ಟ್ರ್ಯಾಕ್ ಸೇರಿಸಿ ಶುರುವಿಗೆ 99, ಕೊನೆಗೆ 93 ಪರ್ಸೆಂಟ್ ಇಟ್ಟೆ. ನಡುವೆ ಗೆರೆ ಎಲ್ಲೆಲ್ಲಿ ಬಾಗಿತ್ತೋ ಅಲ್ಲೆಲ್ಲ ಒಂದೊಂದು ಪಾಯಿಂಟ್. ಕರೆಂಟಿನ ಲೆಕ್ಕವೂ ಪಕ್ಕಾ ಅಲ್ಲ ಅಲ್ವಾ, ಆ ಕಾಲದಲ್ಲಿ ಸ್ವಲ್ಪ ಆಚೀಚೆ ಆಗುತ್ತಿತ್ತು. ಅದಕ್ಕೇ ಅಜ್ಜನನ್ನು ಶ್ರುತಿ ಯಾವುದೆಂದು ಕೇಳಿದೆ. "ಕಪ್ಪು ಎರಡು," ಒಂದು ಕ್ಷಣವೂ ಯೋಚಿಸಲಿಲ್ಲ. ಮನೆಯ ಹಾರ್ಮೋನಿಯಂ ಇಟ್ಟು ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ.

ಭಾನುವಾರ ಕೇಳಿಸಿದೆ. ಅಜ್ಜ ಮಂಚದ ಕಬ್ಬಿಣದ ಮೇಲೆ ಬೆರಳಲ್ಲೇ ಏಕತಾಳ ಹಿಡಿದರು. ಪಕ್ಕದ ಮಂಚದವರಿಗೆ, "ಈ ಪೆಟ್ಟು ನನ್ನದು, ಕೇಳಿ!" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಿ ಬದಿ ಎಲ್ಲಿ?"

ಬಿ ಬದಿಯಲ್ಲಿ ಗುಂಯ್ ಇಲ್ಲ, ಮೈಕ್ ಸೆಟ್ ಬಂದ್ ಮಾಡಿದ್ದರೋ ಏನೋ. ಅಲ್ಲಿ ಹಾರ್ಮೋನಿಯಂ ಶ್ರುತಿಯನ್ನೇ ಹಿಡಿದು ಹೋಗಬೇಕು. ಜೊತೆಗೆ ಒಂದೇ ದಪ್ಪ ಬಟನ್ ಇರುವ ಪ್ಲೇಯರ್ ಮಾಡುವ ಯೋಚನೆ ಇದೆ. ಅಜ್ಜನ ಬೆರಳಿಗೆ ಫೋನಿನ ಸ್ಕ್ರೀನ್ ಸಿಗುವುದಿಲ್ಲ. ಎಂಪಿ3 ಹಾಡಿಸುವ ಪುಟ್ಟ ಬೋರ್ಡ್ ಡಿಎಫ್‌ಪ್ಲೇಯರ್ ಮಿನಿ ಬಂದಿದೆ, ಹಲಸಿನ ಮರದ ಪೆಟ್ಟಿಗೆಗೆ ಆಚಾರಿಯವರಲ್ಲಿ ಹೇಳಿಟ್ಟಿದ್ದೇನೆ.